"ಮುಗಿದ್ರೆ ಸಾಕು" ಅಂದ್ರೆ ಏನು ಮುಗಿಯೋದು? ನನ್ನ ಮೊದಲನೇ ಸೆಷನ್‌ನ ಪ್ರಕರಣ

ನಾನು ಟ್ರೈನಿ ಕೌನ್ಸೆಲರ್. ಇದು ನಾನು ಒಬ್ಳೇ ಕೂತು ಮಾಡಿದ ಮೊದಲನೇ ಸೆಷನ್ ಬಗ್ಗೆ. ಅವತ್ತು ರಾತ್ರಿ ಜರ್ನಲ್‌ನಲ್ಲಿ ಬರ್ದಿದ್ದು, ಎರಡು ದಿನ ಆದ್ಮೇಲೆ ಸೂಪರ್‌ವಿಷನ್‌ನಲ್ಲಿ ಗೊತ್ತಾಗಿದ್ದು, ಮುಂದಿನ ವಾರ ಎರಡನೇ ಸೆಷನ್‌ನಲ್ಲಿ ಆಗಿದ್ದು ಮೂರನ್ನೂ ಸೇರಿಸಿ ಈಗ ಬರೀತಿದೀನಿ. ಕ್ಲೈಂಟ್ ಒಪ್ಪಿಗೆ ಕೊಟ್ಟಿದಾರೆ. ಅವರ ವಯಸ್ಸು, ಕೆಲಸ, ಮನೇಲಿ ಯಾರು ಯಾರಿದಾರೆ, ಯಾರಿಗೆ ಏನು ಕಾಯಿಲೆ ಅನ್ನೋದನ್ನೆಲ್ಲಾ ಗುರುತು ಸಿಗದ ಹಾಗೆ ಬದಲಾಯಿಸಿದೀನಿ. ಬದಲಾಯಿಸದೇ ಬಿಟ್ಟಿರೋದು ಅವರು ಆಡಿದ ಎರಡು ಚಿಕ್ಕ ಮಾತು ಮಾತ್ರ, ಯಾಕಂದ್ರೆ ಇಡೀ ಪ್ರಕರಣ ಆ ಎರಡು ಮಾತಿನ ಮೇಲೇ ನಿಂತಿದೆ, ಅವನ್ನ ಹಾಗೇ ಬಳಸ್ಲಾ ಅಂತ ಬೇರೆಯಾಗೇ ಕೇಳಿ ಅನುಮತಿ ತಗೊಂಡೆ.

ಇದರಲ್ಲಿ ಸಾವಿನ ಯೋಚನೆ ಬಗ್ಗೆ ಮಾತಿದೆ. ಓದ್ತಿರೋವ್ರಿಗೆ ಈಗ ಅಂಥ ಯೋಚನೆ ಬರ್ತಿದ್ರೆ ದಯವಿಟ್ಟು ಮೊದ್ಲು ಹತ್ತಿರದವರೊಬ್ಬರಿಗೆ, ಇಲ್ಲಾ ಡಾಕ್ಟರಿಗೆ, ಇಲ್ಲಾ ಹೆಲ್ಪ್‌ಲೈನಿಗೆ ಇವತ್ತೇ ಹೇಳಿ, ಓದೋದು ಆಮೇಲಾದ್ರೂ ಆಗುತ್ತೆ.

ಹಿನ್ನೆಲೆ

ಅವರನ್ನ ಇಲ್ಲಿ ಬರೀ "ಅವರು" ಅಂತಾನೇ ಕರೀತೀನಿ. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ಅಪ್ಪಂಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷದಿಂದ ಹಾಸಿಗೆ ಹಿಡಿದಿದಾರೆ, ನೋಡ್ಕೊಳ್ಳೋಕೆ ಅಂತ ಇವರು ಕೆಲಸ ಬಿಟ್ಟಿದಾರೆ. ತಮ್ಮ ಇದಾನೆ, ವಾರಕ್ಕೊಂದ್ಸಲ ಬಂದು ಹೋಗ್ತಾನೆ. ಫಾರ್ಮ್‌ನಲ್ಲಿ "ಬರೋಕೆ ಕಾರಣ" ಅನ್ನೋ ಕಡೆ ಅವರು ಬರ್ದಿದ್ದು ಒಂದೇ ಪದ, "ನಿದ್ದೆ".

ನನ್ನ ಕಡೆಯಿಂದ ನೋಡಿದ್ರೆ ತರಗತಿಯಲ್ಲಿ ಸಹಪಾಠಿಗಳ ಜೊತೆ ಕೂತು ರೋಲ್‌ಪ್ಲೇ ಬೇಕಾದಷ್ಟು ಮಾಡಿದ್ದೆ. ಓಪನ್ ಪ್ರಶ್ನೆ ಕೇಳೋದು, ಅವರು ಹೇಳಿದ್ದನ್ನ ನಮ್ಮ ಮಾತಲ್ಲಿ ತಿರುಗಿ ಹೇಳೋದು, ಮಾತಿನ ಹಿಂದಿರೋ ಭಾವನೆಗೆ ಹೆಸರು ಕೊಡೋದು, ಇವೆಲ್ಲಾ ಕೈಗೆ ಬಂದಿದೆ ಅಂದ್ಕೊಂಡಿದ್ದೆ. ಕಾರ್ಲ್ ರೋಜರ್ಸ್ 1957ರ ಲೇಖನದಲ್ಲಿ ಹೇಳೋ ಎಂಪಥಿ, ಷರತ್ತಿಲ್ಲದ ಸ್ವೀಕಾರ, ಪ್ರಾಮಾಣಿಕತೆ ಮೂರನ್ನೂ ಪರೀಕ್ಷೆಲಿ ಉದಾಹರಣೆ ಸಮೇತ ಬರ್ದಿದ್ದೆ. ಆದ್ರೆ ರೋಲ್‌ಪ್ಲೇ‌ಲಿ ಎದುರಿಗಿರೋವ್ರಿಗೂ ಗೊತ್ತಿರುತ್ತೆ ಇದು ಅರ್ಧ ಗಂಟೆಲಿ ಮುಗಿಯುತ್ತೆ ಅಂತ, ಅವರು ನಮ್ಗೆ ಅನುಕೂಲ ಆಗೋ ಹಾಗೆ ಮಾತಾಡ್ತಾರೆ, ನಾವು ತಪ್ಪಿದ್ರೂ ಮತ್ತೆ ಅದೇ ವಿಷಯಕ್ಕೆ ತಂದು ಕೊಡ್ತಾರೆ. ನಿಜವಾದ ಕ್ಲೈಂಟ್ ಹಾಗೆ ತಂದು ಕೊಡಲ್ಲ, ನಾವು ದಾಟಿ ಹೋದ್ರೆ ಅವರೂ ದಾಟಿ ಬಿಡ್ತಾರೆ, ಇದು ನಂಗೆ ಅವತ್ತು ಗೊತ್ತಾಯ್ತು.

ಸೆಷನ್ 50 ನಿಮಿಷದ್ದು. ಟ್ರೈನಿಗಳು ಕ್ಲೈಂಟಿನ ಲಿಖಿತ ಒಪ್ಪಿಗೆ ತಗೊಂಡು ಆಡಿಯೋ ರೆಕಾರ್ಡ್ ಮಾಡ್ಬೇಕು, ಅದನ್ನ ಸೂಪರ್‌ವೈಸರ್ ಜೊತೆ ಕೇಳಿ ಆಮೇಲೆ ಅಳಿಸ್ಬೇಕು. ಅದಕ್ಕೇ ಕೆಳಗೆ ಯಾವ ನಿಮಿಷದಲ್ಲಿ ಏನಾಯ್ತು ಅಂತ ಹೇಳೋಕೆ ಆಗ್ತಿರೋದು. ರೆಕಾರ್ಡಿಂಗ್ ಇಲ್ದೇ ನನ್ನ ನೆನಪಿನಿಂದಾನೇ ಬರ್ದಿದ್ರೆ ಈ ಪ್ರಕರಣ ಬೇರೆಯೇ ಥರ ಇರ್ತಿತ್ತು, ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲ ಹದಿನೇಳು ನಿಮಿಷ

ಶುರುಲಿ ಗೌಪ್ಯತೆ ಬಗ್ಗೆ ಹೇಳ್ಬೇಕು. ಇಲ್ಲಿ ಆಡಿದ ಮಾತು ನಮ್ಮಿಬ್ಬರಲ್ಲೇ ಇರುತ್ತೆ, ನನ್ನ ಸೂಪರ್‌ವೈಸರ್ ಜೊತೆ ಚರ್ಚೆ ಮಾಡ್ತೀನಿ, ಆದ್ರೆ ನಿಮ್ಮ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದೆ ಅನ್ಸಿದ್ರೆ, ಮಗುವಿಗೆ ಹಿಂಸೆ ಆಗ್ತಿದೆ ಅಂತ ಗೊತ್ತಾದ್ರೆ, ಕೋರ್ಟ್ ಕೇಳಿದ್ರೆ, ಆಗ ಹೊರಗಿನವರಿಗೆ ತಿಳಿಸ್ಬೇಕಾಗುತ್ತೆ, ಹೀಗೆ. ನಾನು ಇದನ್ನ ಬಾಯಿಪಾಠ ಒಪ್ಪಿಸಿದ ಹಾಗೆ ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸ್ದೆ. "ಅರ್ಥ ಆಯ್ತಾ?" ಅಂದೆ, ಅವರು "ಆಯ್ತು ಮೇಡಂ" ಅಂದ್ರು. ಅರ್ಥ ಆಯ್ತಾ ಅಂತ ಕೇಳಿದ್ರೆ ಯಾರಾದ್ರೂ ಆಯ್ತು ಅಂತಾನೇ ಹೇಳೋದು. ನಿಮಗೆ ಇದ್ರಲ್ಲಿ ಯಾವ್ದಾದ್ರೂ ಯೋಚನೆ ಆಗೋ ಹಾಗಿದ್ಯಾ ಅಂತ ಕೇಳಿದ್ರೆ ಮಾತು ಬರ್ತಿತ್ತೇನೋ.

ಆಮೇಲೆ ಅವರು ನಿದ್ದೆ ಬಗ್ಗೆ ಹೇಳಿದ್ರು. ರಾತ್ರಿ ಎರಡು ಮೂರು ಸಲ ಎದ್ದು ಅಪ್ಪನ ಮಗ್ಗಲು ಬದಲಾಯಿಸ್ಬೇಕು, ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ. ಮತ್ತೆ ಬಂದು ಮಲಗಿದ್ರೆ ನಿದ್ದೆ ಬರಲ್ಲ. ಅಪ್ಪ ಉಸಿರಾಡೋ ಸದ್ದನ್ನೇ ಕೇಳ್ತಾ ಮಲಗಿರ್ತೀನಿ ಅಂದ್ರು. ಇಷ್ಟು ಹೊತ್ತು ನಾನು ಚೆನ್ನಾಗೇ ಕೇಳ್ತಿದ್ದೆ, ರೆಕಾರ್ಡಿಂಗ್‌ನಲ್ಲೂ ಹಾಗೇ ಇದೆ, ಅವರ ದನಿ ನಿಧಾನ ಆಗ್ತಾ ಬರುತ್ತೆ, ನಾನು ಕಡಿಮೆ ಮಾತಾಡಿದೀನಿ.

ಹದಿನೇಳನೇ ನಿಮಿಷದಲ್ಲಿ ಅವರು ಹೇಳಿದ್ದು ಹೀಗೆ.

"ಬೆಳಿಗ್ಗೆ ಆಗ್ತಿದ್ದ ಹಾಗೆ ಅಯ್ಯೋ ಮತ್ತೆ ಶುರು ಆಯ್ತಲ್ಲಾ ಅನ್ಸುತ್ತೆ ಮೇಡಂ. ಮುಗಿದ್ರೆ ಸಾಕು ಅನ್ಸುತ್ತೆ."

ನಾನು ಹೇಳಿದ್ದು: "ಹೌದು, ಅಷ್ಟು ದಿನ ಸರಿಯಾಗಿ ನಿದ್ದೆ ಮಾಡ್ದೇ ಇದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ. ನೀವು ನಿಜವಾಗ್ಲೂ ತುಂಬಾ ಮಾಡ್ತಿದೀರ."

ಅವರು "ಹೂಂ" ಅಂದ್ರು. ಅಷ್ಟೇ.

ನಾನು ಮಾಡಿದ್ದು

ಅಲ್ಲಿಂದ ಮುಂದೆ ಏಳು ನಿಮಿಷ ಹೆಚ್ಚುಕಮ್ಮಿ ನಂದೇ ಮಾತು. ಮಧ್ಯಾಹ್ನ ಒಂದರ್ಧ ಗಂಟೆ ಮಲಗೋಕಾಗುತ್ತಾ, ತಮ್ಮಂಗೆ ವಾರದಲ್ಲಿ ಎರಡು ರಾತ್ರಿ ಇರು ಅಂತ ಕೇಳಿದೀರಾ, ನರ್ಸಿಂಗ್ ಸಹಾಯ ಸಿಗುತ್ತಾ ನೋಡಿದೀರಾ, ಮಲಗೋಕೆ ಮುಂಚೆ ಉಸಿರಾಟದ ಅಭ್ಯಾಸ ಮಾಡಿದ್ರೆ ಹೇಗೆ. ಒಂದೊಂದೂ ತಪ್ಪು ಸಲಹೆ ಅಂತಲ್ಲ, ಆದ್ರೆ ಪ್ರತಿಯೊಂದಕ್ಕೂ ಅವರು "ನೋಡ್ಬೇಕು ಮೇಡಂ", "ಕೇಳ್ಬೇಕು ಮೇಡಂ" ಅಂತಾ ಇದಾರೆ. ಅವತ್ತು ಅದು ನನ್ನ ಕಿವಿಗೆ ಒಪ್ಪಿಗೆ ಥರ ಕೇಳಿಸ್ತಿತ್ತು. ರೆಕಾರ್ಡಿಂಗ್‌ನಲ್ಲಿ ಕೇಳಿದಾಗ ಗೊತ್ತಾಯ್ತು ಅವರ ಉತ್ತರ ಸಲಹೆಯಿಂದ ಸಲಹೆಗೆ ಚಿಕ್ಕದಾಗ್ತಾ ಹೋಗಿದೆ, ಕೊನೇಲಿ ಬರೀ "ಹೂಂ" ಉಳ್ದಿದೆ. ಒಂದೂವರೆ ವರ್ಷದಿಂದ ಅದೇ ಮನೇಲಿ ಇರೋ ಹೆಂಗಸಿಗೆ ತಮ್ಮನ ಸಹಾಯ ಕೇಳ್ಬಹುದು ಅನ್ನೋದು ಹೊಳೆದಿರಲ್ವಾ?

ವಿಲಿಯಂ ಮಿಲ್ಲರ್, ಸ್ಟೀಫನ್ ರೋಲ್‌ನಿಕ್ ಇಬ್ರೂ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಬಗ್ಗೆ ಬರೀವಾಗ ಇದಕ್ಕೊಂದು ಹೆಸರು ಕೊಟ್ಟಿದಾರೆ, ರೈಟಿಂಗ್ ರಿಫ್ಲೆಕ್ಸ್ ಅಂತ, ಬರೆಯೋ ರೈಟಿಂಗ್ ಅಲ್ಲ, ಸರಿ ಮಾಡೋ ರೈಟಿಂಗ್. ಎದುರಿಗಿರೋವ್ರ ಕಷ್ಟ ಕಂಡ ತಕ್ಷಣ ಅದನ್ನ ಸರಿ ಮಾಡೋಕೆ ಕೈ ತಾನಾಗೇ ಹೋಗೋದು. ಓದುವಾಗ ಇದು ಅವಸರದ ಜನಕ್ಕೆ ಬರೋ ತೊಂದ್ರೆ ಅಂದ್ಕೊಂಡಿದ್ದೆ. ನನ್ನ ವಿಷಯದಲ್ಲಿ ಅದು ಅವಸರದಿಂದ ಬಂದಿದ್ದಲ್ಲ, ಹೆದರಿಕೆಯಿಂದ ಬಂದಿದ್ದು, ಯಾಕೆ ಅಂತ ಸೂಪರ್‌ವಿಷನ್‌ನಲ್ಲಿ ಗೊತ್ತಾಯ್ತು.

ಮೂವತ್ತೊಂದನೇ ನಿಮಿಷದಲ್ಲಿ ಅವರು ಸುಮ್ಮನಾದ್ರು. ಮಡಿಲಲ್ಲಿದ್ದ ಬ್ಯಾಗಿನ ಜಿಪ್ಪನ್ನ ಸ್ವಲ್ಪ ಎಳೆಯೋದು, ಮತ್ತೆ ಮುಚ್ಚೋದು, ಹೀಗೆ ಮಾಡ್ತಾ ಕೂತಿದ್ರು, ಕಣ್ಣು ಮಾತ್ರ ಬಾಗಿಲ ಕಡೆ ಇತ್ತು. ನಂಗೆ ಆ ಮೌನ ಒಂದು ನಿಮಿಷಕ್ಕಿಂತ ಜಾಸ್ತಿ ಅನ್ಸಿ ಎದೆ ಹೊಡ್ಕೊಳ್ಳೋಕೆ ಶುರು ಆಯ್ತು, ಕ್ಲೈಂಟ್ ಬೇಜಾರಾಗಿದಾರೆ, ನಂಗೆ ಏನೂ ಬರಲ್ಲ ಅಂತ ಗೊತ್ತಾಗ್ಬಿಟ್ಟಿದೆ ಅಂದ್ಕೊಂಡು "ಮತ್ತೆ ಊಟ ತಿಂಡಿ ಎಲ್ಲಾ ಸರಿಯಾಗಿ ಮಾಡ್ತಿದೀರಾ?" ಅಂತ ಕೇಳ್ಬಿಟ್ಟೆ. ಜಿಪ್ ಸದ್ದು ನಿಂತೋಯ್ತು. ರೆಕಾರ್ಡಿಂಗ್‌ನಲ್ಲಿ ಅಳೆದು ನೋಡಿದ್ರೆ ಆ ಮೌನ ಇದ್ದಿದ್ದು 9 ಸೆಕೆಂಡ್.

ಬಾಗಿಲ ಹತ್ರ

ನಲವತ್ತಾರನೇ ನಿಮಿಷಕ್ಕೆ ನಾನು ಮುಗಿಸೋ ಮಾತು ಶುರು ಮಾಡ್ದೆ. ಇವತ್ತು ಮಾತಾಡಿದ್ದನ್ನ ಎರಡು ವಾಕ್ಯದಲ್ಲಿ ಹೇಳಿ, ಮುಂದಿನ ವಾರ ಇದೇ ಟೈಮಿಗೆ ಬರೋಕಾಗುತ್ತಾ ಅಂತ ಕೇಳ್ದೆ. ಅವರು ಎದ್ದು ನಿಂತು, ಬ್ಯಾಗ್ ಹೆಗಲಿಗೆ ಹಾಕ್ಕೊಂಡು, ಬಾಗಿಲ ಹಿಡಿ ಮೇಲೆ ಕೈ ಇಟ್ಟು, ಸ್ವಲ್ಪ ನಕ್ಕ ಹಾಗೆ ಮಾಡಿ ಹೇಳಿದ್ರು.

"ಇದ್ರೆ ಬರ್ತೀನಿ ಮೇಡಂ."

ನಾವು ದಿನಾ ಆಡೋ ಮಾತು ಇದು. ಬಿಡುವು ಇದ್ರೆ ಬರ್ತೀನಿ, ಅಪ್ಪ ಹುಷಾರಾಗಿದ್ರೆ ಬರ್ತೀನಿ, ಏನು ಬೇಕಾದ್ರೂ ಆಗ್ಬಹುದು. ಆದ್ರೆ ಆ ಕ್ಷಣ ನಂಗೆ ಹದಿನೇಳನೇ ನಿಮಿಷದ "ಮುಗಿದ್ರೆ ಸಾಕು" ನೆನಪಾಯ್ತು. ಎರಡು ಮಾತೂ ಪಕ್ಕಪಕ್ಕ ಬಂದು ನಿಂತ್ವು. ಎರಡ್ರಲ್ಲೂ ಯಾರು, ಏನು ಅನ್ನೋದು ಇರಲಿಲ್ಲ.

ಇದು ಈ ಪ್ರಕರಣದ ಮೊದಲ ತಿರುವು, ಅದಕ್ಕೆ ತಲೇಲಿ ಏನೇನು ಓಡ್ತು ಅಂತ ಪೂರ್ತಿ ಬರೀತೀನಿ. ಒಂದು, ಟೈಮ್ ಮುಗೀತಾ ಬಂದಿದೆ, ಸೆಷನ್ ಹೊತ್ತಿಗೆ ಸರಿಯಾಗಿ ಮುಗಿಸ್ಬೇಕು ಅಂತ ಕಲ್ಸಿದಾರೆ, ಬಾಗಿಲ ಹತ್ರ ಬಂದ ಮಾತನ್ನ ಮುಂದಿನ ಸೆಷನ್‌ಗೆ ಇಟ್ಕೊಳ್ಳಿ ಅಂತಾನೂ ಹೇಳ್ಕೊಟ್ಟಿದಾರೆ. ಎರಡು, ನಾನು ಸುಮ್‌ಸುಮ್ನೆ ಅರ್ಥ ಹಚ್ಚಿ ಕೇಳಿದ್ರೆ ಅವರಿಗೆ ಅವಮಾನ ಆಗ್ಬಹುದು, ಹೀಗೂ ಯೋಚನೆ ಮಾಡ್ತಾರಾ ಇವರು ಅನ್ಸಿ ವಾಪಸ್ ಬರದೇ ಇರ್ಬಹುದು. ಮೂರು, ಕೇಳಿ ಅವರು ಹೌದು ಅಂದ್ರೆ ನಾನು ಏನ್ ಮಾಡ್ಲಿ. ನಿಜ ಹೇಳ್ಬೇಕಂದ್ರೆ ಮೂರನೇದೇ ದೊಡ್ಡ ಅಡ್ಡಿ ಆಗಿದ್ದು.

ಕೇಳೋ ಕಡೆಗೆ ನನ್ನನ್ನ ತಳ್ಳಿದ್ದು ತರಗತಿಯಲ್ಲಿ ಮತ್ತೆ ಮತ್ತೆ ಹೇಳಿದ್ದ ಒಂದೇ ವಿಷಯ. ಸಾಯೋ ಯೋಚನೆ ಇದ್ಯಾ ಅಂತ ನೇರವಾಗಿ ಕೇಳಿದ್ರೆ ಇಲ್ದೇ ಇರೋ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಜನ ಹೆದರ್ತಾರೆ, ಆದ್ರೆ ಸಂಶೋಧನೆಗಳಲ್ಲಿ ಹಾಗಾಗಿದ್ದು ಕಂಡುಬಂದಿಲ್ಲ, ಕೇಳಿದ್ರೆ ಎಷ್ಟೋ ಜನಕ್ಕೆ ಹಗುರ ಆಗುತ್ತೆ. ಇನ್ನೊಂದು, ಅಪಾಯದ ಸುಳಿವು ಇದ್ರೆ ಹೊತ್ತಿಗೆ ಮುಗಿಸೋ ನಿಯಮ ಅದಕ್ಕೆ ಅನ್ವಯ ಆಗಲ್ಲ.

"ಒಂದ್ನಿಮಿಷ ಕೂತ್ಕೊಳ್ತೀರಾ" ಅಂದೆ. ಅವರು ಕೂತ್ರು. ನನ್ನ ದನಿ ನಡುಗ್ತಿತ್ತು, ರೆಕಾರ್ಡಿಂಗ್‌ನಲ್ಲಿ ಗೊತ್ತಾಗುತ್ತೆ. "ಇದ್ರೆ ಬರ್ತೀನಿ ಅಂದ್ರಿ. ಆಗ್ಲೇ ಮುಗಿದ್ರೆ ಸಾಕು ಅಂತಾನೂ ಅಂದಿದ್ರಿ, ನಾನು ಅದನ್ನ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ತುಂಬಾ ಸಾಕಾಗಿ ಹೋದಾಗ ಕೆಲವರಿಗೆ ಸಾಯಬೇಕು ಅನ್ನೋ ಯೋಚನೆ ಬರುತ್ತೆ. ನಿಮಗೆ ಬರುತ್ತಾ?"

ಅವರು ತಕ್ಷಣ ಉತ್ತರ ಕೊಡ್ಲಿಲ್ಲ. ಈ ಸಲ ನಾನು ಮಧ್ಯ ಬಾಯಿ ಹಾಕ್ಲಿಲ್ಲ, ಏನ್ ಹೇಳ್ಬೇಕು ಅಂತಾನೇ ಗೊತ್ತಿರಲಿಲ್ಲ ಅದಕ್ಕೆ. ಆಮೇಲೆ ಅವರು ಕೇಳಿದ್ರು, "ಹೇಳಿದ್ರೆ ತಮ್ಮಂಗೆ ಫೋನ್ ಮಾಡ್ತೀರಾ?"

ನೋಡಿ, ಒಂದೂವರೆ ನಿಮಿಷದಲ್ಲಿ ಓಡಿಸಿದ್ದ ಗೌಪ್ಯತೆ ಮಾತು ಇಲ್ಲಿ ಬಂದು ತಗಲಿಕೊಳ್ತು. ಇಲ್ಲ ಅಂತ ಹೇಳ್ಬಿಟ್ರೆ ಅವರು ಮಾತಾಡ್ತಾರೆ, ಆದ್ರೆ ಅದು ಸುಳ್ಳಾಗ್ಬಹುದು. ಅದಕ್ಕೆ ನಿಧಾನಕ್ಕೆ ಮತ್ತೆ ಹೇಳ್ದೆ, ನಿಮ್ಮ ಜೀವಕ್ಕೆ ತಕ್ಷಣದ ಅಪಾಯ ಇದೆ ಅನ್ಸಿದ್ರೆ ಯಾರಿಗಾದ್ರೂ ಹೇಳ್ಲೇಬೇಕಾಗುತ್ತೆ, ಆದ್ರೆ ಯಾರಿಗೆ ಹೇಳೋದು ಏನು ಹೇಳೋದು ಅಂತ ನಿಮ್ಮ ಜೊತೆ ಕೂತೇ ತೀರ್ಮಾನ ಮಾಡೋಕೆ ನೋಡ್ತೀನಿ, ನಿಮ್ಗೆ ಗೊತ್ತಿಲ್ದ ಹಾಗೆ ಮಾಡೋಕೆ ನಂಗಿಷ್ಟ ಇಲ್ಲ ಅಂತ. ಅದಾದ್ಮೇಲೆ ಅವರು ಹೇಳಿದ್ರು. ಕೆಲವು ರಾತ್ರಿ ಮಲಗುವಾಗ ಬೆಳಿಗ್ಗೆ ಎಚ್ಚರ ಆಗ್ದೇ ಇದ್ರೆ ಒಳ್ಳೇದು ಅನ್ಸುತ್ತೆ, ಮೂರು ತಿಂಗಳಿಂದ ಹೀಗೆ, ಯಾರಿಗೂ ಹೇಳಿಲ್ಲ.

ಇಲ್ಲಿಂದ ಕೇಳ್ಬೇಕಾದ ಪ್ರಶ್ನೆಗಳನ್ನ ಒಂದೊಂದಾಗಿ ಕೇಳ್ದೆ. ಎಚ್ಚರ ಆಗ್ದಿದ್ರೆ ಸಾಕು ಅನ್ನೋದು ಒಂದು, ತಾನಾಗಿ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಇನ್ನೊಂದು, ಎರಡರಲ್ಲಿ ಯಾವುದು ಅಂತ ತಿಳ್ಕೊಳ್ಳಬೇಕು. ವಾರದಲ್ಲಿ ಎಷ್ಟು ಸಲ ಬರುತ್ತೆ, ಯಾವ ಹೊತ್ತಲ್ಲಿ, ಹೇಗೆ ಅಂತ ಯೋಚನೆ ಮಾಡಿದೀರಾ, ಅದಕ್ಕೆ ಏನಾದ್ರೂ ತಯಾರಿ ಆಗಿದ್ಯಾ, ಹಿಂದೆ ಯಾವಾಗಾದ್ರೂ ಪ್ರಯತ್ನ ಮಾಡಿದ್ರಾ, ಯಾವುದು ನಿಮ್ಮನ್ನ ತಡೀತಿದೆ. ತಾನಾಗಿ ಮಾಡ್ಕೊಳ್ಳೋ ಯೋಚನೆ ಒಂದೆರಡು ಸಲ ಬಂದು ಹೋಗಿದೆ, ಯೋಜನೆ ಇಲ್ಲ, ಹಿಂದೆ ಪ್ರಯತ್ನ ಮಾಡಿಲ್ಲ. ತಡೀತಿರೋದು ಏನು ಅಂದ್ರೆ "ಅಪ್ಪನ್ನ ಯಾರು ತಿರುಗಿಸಿ ಮಲಗಿಸ್ತಾರೆ" ಅಂದ್ರು.

ಹಾಗೇ ಕೂತಿರಿ ಅಂತ ಹೇಳಿ ಅವರ ಎದುರಿಗೇ ಸೂಪರ್‌ವೈಸರ್‌ಗೆ ಫೋನ್ ಮಾಡ್ದೆ. ಟ್ರೈನಿ ಸೆಷನ್ ನಡೆಯೋ ಹೊತ್ತಲ್ಲಿ ಅವರು ಫೋನಿಗೆ ಸಿಗ್ಬೇಕು ಅಂತ ನಿಯಮ ಇದೆ, ಸಿಕ್ಕಿದ್ರು. ಅವರು ಹೇಳಿದ ಪ್ರಕಾರ ನಾನೂ ಕ್ಲೈಂಟೂ ಸೇರಿ ಸೇಫ್ಟಿ ಪ್ಲ್ಯಾನ್ ಬರ್ದ್ವಿ. ಇದು ಬಾರ್ಬರಾ ಸ್ಟ್ಯಾನ್ಲಿ ಮತ್ತೆ ಗ್ರೆಗರಿ ಬ್ರೌನ್ ರೂಪಿಸಿದ ಕ್ರಮ. ಏನೂ ಮಾಡ್ಕೊಳ್ಳಲ್ಲ ಅಂತ ಆಣೆ ಮಾಡಿಸ್ಕೊಳ್ಳೋದಲ್ಲ, ಸಹಿ ಹಾಕಿಸ್ಕೊಳ್ಳೋದೂ ಅಲ್ಲ, ಅಂಥ ಮಾತು ತಗೊಳ್ಳೋದ್ರಿಂದ ಜೀವ ಉಳಿಯುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಬದಲಿಗೆ ಕಷ್ಟದ ಹೊತ್ತು ಬರ್ತಿದೆ ಅಂತ ಹೇಗೆ ಗೊತ್ತಾಗುತ್ತೆ, ಆಗ ತಾನೊಬ್ಬಳೇ ಏನ್ ಮಾಡ್ಬಹುದು, ಮನಸ್ಸು ಬೇರೆ ಕಡೆ ತಿರುಗೋಕೆ ಯಾರ ಹತ್ರ ಎಲ್ಲಿಗೆ ಹೋಗ್ಬಹುದು, ಸಹಾಯ ಕೇಳೋಕೆ ಯಾರಿದಾರೆ, ಯಾವ ಡಾಕ್ಟರ್ ಅಥವಾ ಹೆಲ್ಪ್‌ಲೈನ್, ಮತ್ತೆ ಮನೇಲಿ ಅಪಾಯ ಆಗೋ ವಸ್ತುಗಳು ಕೈಗೆ ಸಿಗದ ಹಾಗೆ ಯಾರು ಇಟ್ಕೊಳ್ತಾರೆ, ಇದನ್ನೆಲ್ಲಾ ಅವರದೇ ಮಾತಲ್ಲಿ ಬರೆಯೋದು. ಕಷ್ಟದ ಹೊತ್ತಿನ ಗುರುತು ಅನ್ನೋ ಕಡೆ ಅವರು ಬರ್ದಿದ್ದು "ಅಪ್ಪನ ಉಸಿರು ಎಣಿಸೋಕೆ ಶುರು ಮಾಡ್ದಾಗ". ಆ ಸಾಲು ನಾನಾಗಿ ಕೂತು ಯೋಚಿಸಿದ್ರೆ ಎಂದಿಗೂ ಬರೀತಿರಲಿಲ್ಲ. ಸಹಾಯಕ್ಕೆ ಯಾರು ಅನ್ನೋ ಜಾಗ ಬಹಳ ಹೊತ್ತು ಖಾಲಿ ಇತ್ತು, ಆಮೇಲೆ ನಾದಿನಿ ಹೆಸರು ಹೇಳಿದ್ರು, ತಮ್ಮನ ಹೆಂಡತಿ, ನನ್ನ ಎದುರಿಗೇ ಫೋನ್ ಮಾಡಿ "ಸ್ವಲ್ಪ ಮನಸ್ಸು ಸರಿ ಇಲ್ಲ, ಇವತ್ತು ರಾತ್ರಿ ಬಂದು ಇರ್ತೀಯಾ" ಅಂದ್ರು. ಆಕೆ ಯಾಕೆ ಅಂತಾನೂ ಕೇಳ್ದೇ ಬರ್ತೀನಿ ಅಕ್ಕಾ ಅಂದ್ಲು, ಸ್ಪೀಕರ್‌ನಲ್ಲಿ ನಂಗೂ ಕೇಳಿಸ್ತು. ಅಪಾಯದ ವಸ್ತುಗಳನ್ನೂ ಆಕೆನೇ ತಗೊಂಡು ಹೋಗೋದು ಅಂತ ಆಯ್ತು, ಮಾರನೇ ದಿನ ಡಾಕ್ಟರನ್ನ ನೋಡೋದು ಅಂತಾಯ್ತು. ಸೆಷನ್ ಮುಗಿದಾಗ 78 ನಿಮಿಷ ಆಗಿತ್ತು.

ಆ ರಾತ್ರಿ ಜರ್ನಲ್‌ನಲ್ಲಿ ಬರ್ದಿದ್ದು

ಇದನ್ನ ತಿದ್ದದೇ ಹಾಕ್ತೀನಿ.

"ಅವರು ಈಗ ಏನ್ ಮಾಡ್ತಿರ್ಬಹುದು. ನಾದಿನಿ ಬಂದಿರ್ಬೇಕು. ಬಂದಿಲ್ದಿದ್ರೆ? ನಾನು ಬಾಗಿಲ ಹತ್ರ ಕೇಳ್ದೇ ಇದ್ದಿದ್ರೆ ಅಂತ ಹತ್ತು ಸಲ ಯೋಚನೆ ಬಂತು. ಈ ಕೆಲಸಕ್ಕೆ ನಾನು ಸರಿಯಾದವಳಾ ಗೊತ್ತಿಲ್ಲ. 17ನೇ ನಿಮಿಷ ಬಿಟ್ಟು ಉಳಿದದ್ದೆಲ್ಲಾ ಪರವಾಗಿಲ್ಲ ಅನ್ಸುತ್ತೆ. ಅವರು ಮುಗಿದ್ರೆ ಸಾಕು ಅಂದಾಗ ನಾನು ಸ್ವಲ್ಪ ಬೇಗ ಸಮಾಧಾನ ಹೇಳ್ಬಿಟ್ಟೆ, ಆದ್ರೆ ಅದಕ್ಕೆ ಮುಂಚೆ ಏನ್ ಅನ್ಸುತ್ತೆ ಅಂತ ಕೇಳಿದ್ದೆ."

ಕೊನೇ ವಾಕ್ಯ ಸುಳ್ಳು. ಬೇಕಂತ ಹೇಳಿದ ಸುಳ್ಳಲ್ಲ, ಬರೆಯುವಾಗ ನಾನು ಕೇಳಿದ್ದೆ ಅಂತ ನಿಜವಾಗ್ಲೂ ನಂಬಿದ್ದೆ. ರೆಕಾರ್ಡಿಂಗ್‌ನಲ್ಲಿ ಅಂಥ ಪ್ರಶ್ನೆ ಇಲ್ಲವೇ ಇಲ್ಲ. ನಾನು ಕೇಳ್ಬೇಕಾಗಿದ್ದ ಪ್ರಶ್ನೆಯನ್ನ ನನ್ನ ನೆನಪೇ ತಂದು ಅಲ್ಲಿ ಇಟ್ಟುಬಿಟ್ಟಿತ್ತು. ಸೆಷನ್ ಆದ್ಮೇಲೆ ಬರೆಯೋ ಟಿಪ್ಪಣಿ ಮೇಲೆ ನಂಗಿದ್ದ ನಂಬಿಕೆ ಅವತ್ತಿಗೆ ಹೋಯ್ತು. ಅವತ್ತಿಂದ ಟಿಪ್ಪಣಿ ಮೊದ್ಲು ಬರೆದು, ಆಮೇಲೆ ರೆಕಾರ್ಡಿಂಗ್ ಕೇಳಿ, ಎರಡೂ ಎಲ್ಲಿ ಬೇರೆ ಆಗುತ್ತೋ ಅಲ್ಲಿಗೆ ಕೆಂಪು ಗೆರೆ ಹಾಕ್ತೀನಿ. ಆ ಗೆರೆ ಇರೋ ಜಾಗದಲ್ಲೇ ನಾನು ಹೆದರಿರ್ತೀನಿ, ಇಲ್ಲಿವರೆಗೂ ಹಾಗೇ ಆಗಿದೆ.

ಸೂಪರ್‌ವಿಷನ್

ನಾನು ಹೋದ ತಕ್ಷಣ ಕೇಳಿದ್ದು "ಮೇಡಂ, ರಿಸ್ಕ್ ಅಸೆಸ್‌ಮೆಂಟ್ ಸರಿ ಮಾಡಿದ್ನಾ?" ಅಂತ. ಸೂಪರ್‌ವೈಸರ್ ಅದಕ್ಕೆ ಸಂಕ್ಷಿಪ್ತವಾಗಿ ಉತ್ತರ ಕೊಟ್ರು, ನೇರವಾಗಿ ಕೇಳಿದ್ದು ಸರಿ, ಫೋನ್ ಮಾಡಿದ್ದು ಸರಿ, ಟೈಮ್ ಮೀರಿದ್ದು ಸರಿ. ಗೌಪ್ಯತೆ ಮಾತನ್ನ ಎರಡನೇ ಸಲ ಹೇಳಿದ ಥರಾನೇ ಮೊದಲನೇ ಸಲಾನೂ ಹೇಳು. ಆಮೇಲೆ ಹದಿನೇಳನೇ ನಿಮಿಷ ಹಾಕು ಅಂದ್ರು.

ಕೇಳಿ ಆದ್ಮೇಲೆ ಅವರು ಕೇಳಿದ್ದು ವ್ಯಾಕರಣದ ಪ್ರಶ್ನೆ. "ಮುಗಿದ್ರೆ ಸಾಕು. ಏನು ಮುಗಿದ್ರೆ ಸಾಕು? ಈ ವಾಕ್ಯದಲ್ಲಿ ಕರ್ತೃ ಎಲ್ಲಿದೆ?"

ನಾನು ಸುಮ್ಮನಾದೆ. ನಮ್ಮ ಮಾತಲ್ಲಿ ಕರ್ತೃ ಬಿಟ್ಟು ಮಾತಾಡೋದು ಎಷ್ಟು ಸಹಜ ಅಂದ್ರೆ ಕೇಳೋರು ಅದನ್ನ ತಾವೇ ತುಂಬ್ಕೊಂಡು ಮುಂದೆ ಹೋಗ್ತಾರೆ, ತುಂಬ್ಕೊಂಡಿದ್ದು ಗೊತ್ತೂ ಆಗಲ್ಲ. ನಾನು ತುಂಬಿದ್ದು "ಈ ನಿದ್ದೆಗೆಟ್ಟ ದಿನಗಳು" ಅಂತ. ತುಂಬಿ ಅದಕ್ಕೆ ತಕ್ಕ ಹಾಗೆ ಸಮಾಧಾನ ಹೇಳ್ದೆ. ಬಾಗಿಲ ಹತ್ರ "ನನ್ನ ಜೀವನ" ಅಂತ ತುಂಬ್ದೆ, ಅದನ್ನ ಮಾತ್ರ ಕೇಳಿ ಖಚಿತ ಮಾಡ್ಕೊಂಡೆ. "ಮೂರನೇದೊಂದು ಇರ್ಬಹುದಲ್ವಾ?" ಅಂದ್ರು ಮೇಡಂ. ಅಂದು ಸುಮ್ಮನಾಗ್ಬಿಟ್ರು. ತುಂಬಾ ಹೊತ್ತು ಸುಮ್ಮನೇ ಇದ್ರು, ನನ್ನ ನೆರವಿಗೆ ಬರಲಿಲ್ಲ.

ಮೂರನೇದು ಅಪ್ಪ. ಅಪ್ಪಂದು ಮುಗಿದ್ರೆ ಸಾಕು.

ಅದು ಹೊಳೀತಿದ್ದ ಹಾಗೆ ನಂಗೆ ಅಳು ಬಂತು, ಕ್ಲೈಂಟಿಗಾಗಿ ಅಲ್ಲ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮಜ್ಜಿ ನಾಲ್ಕು ವರ್ಷ ಮಲಗಿದ್ರು, ನೋಡ್ಕೊಂಡಿದ್ದು ಅಮ್ಮ. ಒಂದಿನ ಅಮ್ಮ ಬಟ್ಟೆ ಒಣಗಿ ಹಾಕ್ತಾ ತನ್ನಷ್ಟಕ್ಕೆ ತಾನೇ "ಬೇಗ ಬಿಡುಗಡೆ ಆಗ್ಲಪ್ಪಾ" ಅಂದಿದ್ದು ಕೇಳಿಸ್ಕೊಂಡಿದ್ದೆ, ಕೇಳಿಸ್ಲಿಲ್ಲ ಅನ್ನೋ ಹಾಗೆ ಒಳಗೆ ಹೋಗಿದ್ದೆ. ಅಮ್ಮ ಅಷ್ಟು ಕೆಟ್ಟೋಳಲ್ಲ ಅಂತ ಆ ಮಾತನ್ನೇ ಮರೆತುಬಿಟ್ಟಿದ್ದೆ. ಹದಿನೇಳನೇ ನಿಮಿಷದಲ್ಲೂ ಮಾಡಿದ್ದು ಅದನ್ನೇ, "ನೀವು ತುಂಬಾ ಮಾಡ್ತಿದೀರ" ಅಂತ ಹೊಗಳಿ ಒಳಗೆ ಹೋಗ್ಬಿಟ್ಟೆ. ಹಾಗೆ ಹೊಗಳಿದ್ರಿಂದ ಏನಾಯ್ತು ಅಂದ್ರೆ, ಅಪ್ಪ ಹೋಗ್ಲಿ ಅಂತ ಮನಸ್ಸಲ್ಲಿ ಅಂದ್ಕೊಂಡಿರೋ ಮಗಳು "ಒಳ್ಳೇ ಮಗಳು" ಅಂತ ಹೇಳಿದವರ ಎದುರಿಗೆ ಅದನ್ನ ಹೇಗೆ ಹೇಳ್ತಾಳೆ? ನಾನು ಬಾಗಿಲು ತೆಗೀಲಿಲ್ಲ ಅನ್ನೋದಷ್ಟೇ ಅಲ್ಲ, ಒಳಗಿಂದ ಚಿಲಕ ಹಾಕಿದ್ದೆ.

ಕ್ಲೈಂಟಿನ ಮಾತು ನಮ್ಮ ಹಳೇ ಗಾಯಕ್ಕೆ ತಾಗಿ ನಾವು ಬೇರೆ ಥರ ನಡ್ಕೊಳ್ಳೋದನ್ನ ಕೌಂಟರ್‌ಟ್ರಾನ್ಸ್‌ಫರೆನ್ಸ್ ಅಂತಾರೆ, ನಿಮ್ಗೂ ಪಾಠದಲ್ಲಿ ಬಂದಿರುತ್ತೆ. ಪಾಠದಲ್ಲಿ ಓದಿದಾಗ ಅದು ದೊಡ್ಡ ಭಾವನೆ ಥರ ಇರುತ್ತೆ ಅಂದ್ಕೊಂಡಿದ್ದೆ, ಕೋಪ, ಅಳು, ವಿಪರೀತ ಮಮತೆ, ಹೀಗೆ. ನಂಗೆ ಅದು ಒಂದು ಸಭ್ಯವಾದ, ನಯವಾದ, ಯಾರೂ ತಪ್ಪು ಹುಡುಕೋಕಾಗದ ವಾಕ್ಯದ ರೂಪದಲ್ಲಿ ಬಂತು. ಮೇಡಂ ಒಂದು ಗುರುತು ಹೇಳ್ಕೊಟ್ರು: ಕ್ಲೈಂಟ್ ಮಾತು ಮುಗಿಸಿ ಉಸಿರು ತಗೊಳ್ಳೋಕೆ ಮುಂಚೆ ನಿನ್ನ ಉತ್ತರ ಬಂದಿದ್ರೆ, ಅದು ಅವರಿಗೆ ಕೊಟ್ಟ ಉತ್ತರ ಅಲ್ಲ ಅಂತ ತಿಳ್ಕೋ. ರೆಕಾರ್ಡಿಂಗ್‌ನಲ್ಲಿ ನೋಡಿದ್ರೆ "ಅನ್ಸುತ್ತೆ" ಅನ್ನೋ ಅವರ ಪದದ ಬಾಲಕ್ಕೇ ನನ್ನ "ಹೌದು" ಅಂಟ್ಕೊಂಡಿದೆ.

ಆದ್ರೆ ಅಪ್ಪನ ವಿಷಯವನ್ನ ನಾನಾಗಿ ತೆಗೆದು ಕೇಳ್ಬಾರ್ದು ಅಂತಾನೂ ತೀರ್ಮಾನ ಮಾಡಿದ್ವಿ. ಅದು ನನ್ನ ಅಮ್ಮನ ಕಥೆಯಿಂದ ಬಂದ ಊಹೆ ಆಗಿರ್ಬಹುದು, ತಪ್ಪಾಗಿದ್ರೆ ಅವರ ಮೇಲೆ ಹೊಸ ಭಾರ ಹಾಕಿದ ಹಾಗಾಗುತ್ತೆ. ಸಾವಿನ ಯೋಚನೆ ಬಗ್ಗೆ ನೇರವಾಗಿ ಕೇಳ್ಲೇಬೇಕು ಯಾಕಂದ್ರೆ ಜೀವದ ಪ್ರಶ್ನೆ, ಇದು ಹಾಗಲ್ಲ. ಇಲ್ಲಿ ಖಾಲಿ ಜಾಗವನ್ನ ಖಾಲಿಯಾಗೇ ಇಟ್ಟು ಅವರ ಮುಂದಿಡೋದು. ಮತ್ತೆ ಅಮ್ಮನ ವಿಷಯ ನಾನು ನನ್ನ ಸ್ವಂತ ಥೆರಪಿಲಿ ಮಾತಾಡ್ಬೇಕು ಅಂತ ಮೇಡಂ ಹೇಳಿದ್ರು, ಮಾತಾಡ್ತಿದೀನಿ.

ಎರಡನೇ ಸೆಷನ್

ಅವರು ಬಂದ್ರು. ಡಾಕ್ಟರನ್ನ ನೋಡಿದ್ರು, ನಾದಿನಿ ವಾರದಲ್ಲಿ ಮೂರು ರಾತ್ರಿ ಬಂದು ಮಲಗ್ತಿದಾರಂತೆ. ಮೊದ್ಲು ಸೇಫ್ಟಿ ಪ್ಲ್ಯಾನ್ ತೆಗೆದು ನೋಡಿದ್ವಿ, ಆ ಯೋಚನೆ ವಾರದಲ್ಲಿ ಒಂದ್ಸಲ ಬಂದಿತ್ತು, ಆಗ ಎದ್ದು ಹೋಗಿ ನಾದಿನಿ ಪಕ್ಕ ಮಲಗಿದ್ರಂತೆ. ಅಷ್ಟು ನೋಡೋಕೆ ಹತ್ತು ನಿಮಿಷ ಆಯ್ತು. ಇದನ್ನ ಇನ್ಮುಂದೆ ಪ್ರತಿ ಸೆಷನ್‌ನಲ್ಲೂ ಕೇಳ್ತೀನಿ ಅಂತ ಮೊದಲೇ ಹೇಳ್ದೆ.

ಆಮೇಲೆ ನಾನು ಹೇಳಿದ್ದು: "ಹೋದ್ಸಲ ನೀವು ಮುಗಿದ್ರೆ ಸಾಕು ಅಂದಾಗ ನಾನು ಪೂರ್ತಿ ಕೇಳಿಸ್ಕೊಳ್ದೇ ಸಮಾಧಾನ ಹೇಳ್ಬಿಟ್ಟೆ. ಅದಕ್ಕೆ ಬೇಜಾರಾಗಿದೆ ನಂಗೆ. ಈಗ ಕೇಳ್ಲಾ, ಏನು ಮುಗಿದ್ರೆ ಸಾಕು ಅನ್ಸುತ್ತೆ?"

ಅವರು ಜಿಪ್ ಹಿಡ್ಕೊಂಡ್ರು. ಎಳೆಯೋದು, ಮುಚ್ಚೋದು. ನಾನು ಎರಡೂ ಪಾದ ನೆಲಕ್ಕೆ ಒತ್ತಿಟ್ಕೊಂಡು ಕೂತಿದ್ದೆ, ಮಾತಾಡ್ಬೇಕು ಅನ್ಸಿದಾಗೆಲ್ಲಾ ಇನ್ನೂ ಸ್ವಲ್ಪ ಒತ್ತು ಅಂತ ಮೇಡಂ ಹೇಳ್ಕೊಟ್ಟಿದ್ರು. ಈ ಮೌನ 41 ಸೆಕೆಂಡ್ ಇದೆ ರೆಕಾರ್ಡಿಂಗ್‌ನಲ್ಲಿ. ಹೊರಗೆ ಯಾರೋ ಕುರ್ಚಿ ಎಳೆದ ಸದ್ದಿದೆ, ಜಿಪ್ ಸದ್ದಿದೆ, ಆಮೇಲೆ ಜಿಪ್ ಸದ್ದು ನಿಲ್ಲುತ್ತೆ.

"ರಾತ್ರಿ ಉಸಿರು ಎಣಿಸ್ತೀನಿ ಅಂದಿದ್ನಲ್ಲ," ಅಂದ್ರು ಅವರು. "ನಿಂತೋಗ್ಲಿ ಅಂತ ಎಣಿಸ್ತಿರ್ತೀನಿ."

ನಾನು ಹೌದು ಅನ್ಲಿಲ್ಲ, ಪರವಾಗಿಲ್ಲ ಅನ್ಲಿಲ್ಲ. "ಅಪ್ಪನ ಉಸಿರು ನಿಂತೋಗ್ಲಿ ಅಂತ," ಅಂದೆ, ಅವರು ಬಿಟ್ಟಿದ್ದ ಪದ ಮಾತ್ರ ಸೇರಿಸಿ. ಅವರು ತಲೆ ಆಡಿಸಿದ್ರು, ಮುಖ ಮುಚ್ಕೊಂಡು ಅತ್ರು, ಅಳ್ತಾನೇ ಹೇಳಿದ್ರು ಅದಕ್ಕೇ ಬೆಳಿಗ್ಗೆ ತನಗೆ ಏಳೋಕೆ ಇಷ್ಟ ಆಗಲ್ಲ, ಇಂಥ ಯೋಚನೆ ಮಾಡಿದೋಳು ಯಾಕಿರ್ಬೇಕು ಅನ್ಸುತ್ತೆ ಅಂತ. ಒಂದೇ ವಾಕ್ಯದಲ್ಲಿ ಎರಡೂ ಇದ್ವು, ಒಂದು ಇನ್ನೊಂದಕ್ಕೆ ಕಾರಣ ಆಗಿತ್ತು.

ಉಳಿದ ಮಾತು ಅವರದ್ದು, ಇಲ್ಲಿ ಬರೆಯಲ್ಲ. ಅವತ್ತು 50 ನಿಮಿಷಕ್ಕೆ ಸರಿಯಾಗಿ ಮುಗಿಸಿದ್ವಿ. ಹೋಗುವಾಗ ಬಾಗಿಲ ಹತ್ರ ನಿಂತು, "ಮುಂದಿನ ವಾರ ಅರ್ಧ ಗಂಟೆ ಲೇಟಾಗಿ ಇಟ್ಕೊಳ್ಳೋಕಾಗುತ್ತಾ ಮೇಡಂ, ನಾದಿನಿ ಬರೋದು ಆಮೇಲೆ" ಅಂತ ಕೇಳಿದ್ರು. ನಾನು ಡೈರಿ ತೆಗೆದು ಬರ್ಕೊಂಡೆ.